ಎದ್ದು ನಿಂತಾಗಿನ ಬಿ.ಪಿ.

ಮನೆಯ ಹಿರಿಯರು ಒಮ್ಮೆ ಬಿದ್ದರೆ ಕಾಲು ಜಾರಿತು ಎನ್ನುತ್ತೇವೆ. ಮತ್ತೆ ಮತ್ತೆ ಬಿದ್ದರೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತೇವೆ. ಆದರೆ ಪದೇ ಪದೇ ಬೀಳುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡುವಾಗ ಬಿದ್ದರು ಎಂದು ಕೇಳಿದರೆ ಕಾರಣದ ಜಾಡು ಸಿಗುತ್ತದೆ.

ಒಂದು ಉದಾಹರಣೆ ನೋಡಿ. 76 ವರ್ಷದ ಅಜ್ಜ ಮೂರು ಸಲ ಬಿದ್ದಿದ್ದಾರೆ. ಎರಡು ಸಲ ನಡುರಾತ್ರಿ ಮೂತ್ರಕ್ಕೆ ಎದ್ದಾಗ, ಒಂದು ಸಲ ಊಟ ಮುಗಿಸಿ ಕುರ್ಚಿಯಿಂದ ಏಳುವಾಗ. ಮೂರೂ ಸಲ ಕಣ್ಣಿಗೆ ಕತ್ತಲೆ ಬಂದಿತ್ತು. ಕುಳಿತಾಗ ಬಿ.ಪಿ. 140/80, ವಯಸ್ಸಿಗೆ ಸರಿ ಎಂದೇ ಎಲ್ಲರೂ ಭಾವಿಸಿದ್ದರು. ಐದು ನಿಮಿಷ ಮಲಗಿಸಿ ನೋಡಿದಾಗ 146/82 ಇತ್ತು. ಎದ್ದು ನಿಂತ ಒಂದು ನಿಮಿಷಕ್ಕೆ 114/70ಕ್ಕೆ ಇಳಿಯಿತು, ಮೂರನೇ ನಿಮಿಷದಲ್ಲೂ ಏರಲಿಲ್ಲ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ವೈದ್ಯರು ಗಂಭೀರವಾಗಿ ಪರಿಗಣಿಸುತ್ತಾರೆ.

ನಾವು ಎದ್ದಾಗ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ನರಗಳು ತಕ್ಷಣ ರಕ್ತನಾಳಗಳನ್ನು ಬಿಗಿ ಮಾಡಿ ಮಿದುಳಿಗೆ ರಕ್ತ ತಲುಪಿಸುತ್ತವೆ. ವಯಸ್ಸಾದಂತೆ ಈ ಕೆಲಸ ನಿಧಾನವಾಗುತ್ತದೆ. ಅಜ್ಜನಿಗೆ ಬಿ.ಪಿ. ಮಾತ್ರೆಯ ಜೊತೆಗೆ, ಪ್ರಾಸ್ಟೇಟ್ ತೊಂದರೆಗೆಂದು ಇನ್ನೊಬ್ಬ ವೈದ್ಯರು ಟ್ಯಾಮ್ಸುಲೋಸಿನ್ ಬರೆದುಕೊಟ್ಟಿದ್ದರು. ಅದು ರಕ್ತನಾಳಗಳನ್ನೂ ಸಡಿಲಿಸಬಲ್ಲದು. ನಿದ್ರೆ ಮಾತ್ರೆಯೂ ಸೇರಿದರೆ ತೂಕಡಿಕೆಯಲ್ಲಿ ಹೆಜ್ಜೆ ತಪ್ಪುತ್ತದೆ. ಹಾಗೆಂದು ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ. ಯಾವುದನ್ನು ಬಿಡಬೇಕು, ಯಾವುದರ ಪ್ರಮಾಣ ಇಳಿಸಬೇಕು ಎಂಬುದನ್ನು ವೈದ್ಯರು ತೀರ್ಮಾನಿಸಲಿ. ಅಲ್ಲಿಯವರೆಗೆ ರಾತ್ರಿ ಏಳುವಾಗ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಆಡಿಸಿ, ಏನನ್ನಾದರೂ ಹಿಡಿದು ಏಳಲಿ.

ನಿಂತಾಗಲೂ ಬಿ.ಪಿ. ಇಳಿಯದಿದ್ದರೆ ಬೇರೆ ಕಡೆ ಹುಡುಕಬೇಕು. ಕತ್ತಲಲ್ಲಿ ಅಥವಾ ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡಿದರೆ ಪಾದದ ನರಗಳ ಮೇಲೆ ಅನುಮಾನ ಬರುತ್ತದೆ. ಚಪ್ಪಲಿ ಜಾರಿದ್ದೂ ತಿಳಿಯದಿರುವುದು ಅದರ ಗುರುತು. ಸಕ್ಕರೆ ಕಾಯಿಲೆಯಿಂದ ಹೀಗಾಗಬಹುದು. ಬಿ12 ಕೊರತೆಯಿಂದಲೂ ಆಗಬಹುದು. ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದುಂಟು, ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಮೆಟ್ಟಿಲು ಇಳಿಯುವಾಗಲೇ ಬೀಳುವವರ ಕಣ್ಣು ಮತ್ತು ಕನ್ನಡಕ ನೋಡಿಸಿ. ಬೈಫೋಕಲ್ ಕನ್ನಡಕದ ಕೆಳಭಾಗ ಓದಲಿಕ್ಕೆ ಇರುವುದು. ಅದರ ಮೂಲಕ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಕುಳಿತಲ್ಲೇ ಎಚ್ಚರ ತಪ್ಪಿ ಬಿದ್ದರೆ, ಇಲ್ಲವೇ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಹಿರಿಯರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ‘ಡಾಕ್ಟ್ರೇ, ನಿಲ್ಲಿಸಿಯೂ ಒಮ್ಮೆ ಬಿ.ಪಿ. ನೋಡಿ’ ಎಂದು ಕೇಳಿ.