ಕುತ್ತಿಗೆಯ ಕೊನೆಯ ಸುತ್ತು

ಡಿಸೆಂಬರ್ ಬಂತೆಂದರೆ ಮುದಗಲ್ಲಿನಲ್ಲಿ ಬೆಳಗಿನ ಐದು ಗಂಟೆಗೆ ತಣ್ಣೀರು ಮುಟ್ಟಲು ಕೈ ಹಿಂದೇಟು ಹಾಕುತ್ತದೆ. ಹತ್ತು ಗಂಟೆಗೆ ಅದೇ ಕೈ ಹಣೆಯ ಬೆವರು ಒರೆಸುತ್ತಿರುತ್ತದೆ. ಇಂಥ ಊರಲ್ಲಿ ಕೂತು ಉಲ್ಲನ್ ಸ್ವೆಟರ್ ಹೆಣೆಯುವವಳನ್ನು ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ನಾನು ಹೆಣೆದೆ. ತಂಗಿಯ ಮಗನಿಗೆ ಒಂದು ವರ್ಷ ತುಂಬುತ್ತಿತ್ತು, ಅದೇ ನೆವ.

ಹುಟ್ಟುಹಬ್ಬದ ದಿನ ತೊಡಿಸಲು ಹೋದರೆ ಸ್ವೆಟರ್ ಹಣೆಯ ಮೇಲೆ ಬಂದು ನಿಂತುಬಿಟ್ಟಿತು. ಕೂಸು ಕಿರುಚಿತು, ಕಿವಿ ಕೆಂಪಾದವು. "ಅಕ್ಕಾ, ತಲಿ ಹೋಗವಲ್ದು ನೋಡು" ಎಂದಳು ತಂಗಿ. ಮೂಲೆಯಲ್ಲಿ ಕೂತಿದ್ದ ಅವ್ವ ತಲೆ ಎತ್ತದೆ, "ಕುಂಚಿಗಿ ಹೊಲಿ ಅಂದ್ರ ಕೇಳಲಿಲ್ಲ" ಎಂದಳು.

ಅವ್ವನ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ಕಡೆಯ ಕುಂಚಿಗೆ, ಕುಲಾವಿ ಎರಡೂ ಮಗುವಿನ ತಲೆಯನ್ನು ತೂರಿಸಿಕೊಂಡು ಹೋಗುವ ಉಡುಪಲ್ಲ. ಮೇಲಿಂದ ಹೊದಿಸಿ ಗದ್ದದ ಕೆಳಗೆ ಲಾಡಿ ಕಟ್ಟಿದರೆ ಮುಗಿಯಿತು. ಮಗ್ಗದ ಬಟ್ಟೆ ಹಿಗ್ಗುವುದಿಲ್ಲ ಎಂದು ಗೊತ್ತಿದ್ದವರು ಮಾಡಿಕೊಂಡ ಏರ್ಪಾಡು ಅದು. ಸ್ವೆಟರಿನ ಲೆಕ್ಕವೇ ಬೇರೆ. ಅದರ ಕುತ್ತಿಗೆ ಕುತ್ತಿಗೆಯಷ್ಟೇ ಸಣ್ಣದಿರಬೇಕು, ಆದರೆ ದಿನಕ್ಕೆರಡು ಸಲ ತಲೆಯಷ್ಟು ದೊಡ್ಡದಾಗಬೇಕು. ಅದರಲ್ಲೂ ನಮ್ಮೂರಲ್ಲಿ. ಶಿಮ್ಲಾದ ಮಗು ಬೆಳಿಗ್ಗೆ ಹಾಕಿದ ಸ್ವೆಟರನ್ನು ರಾತ್ರಿ ತೆಗೆದೀತು. ಇಲ್ಲಿ ಬಿಸಿಲೇರುತ್ತಿದ್ದಂತೆ ತೆಗೆಯಬೇಕು, ಹೊತ್ತು ಮುಳುಗಿದ ಮೇಲೆ ಮತ್ತೆ ಹಾಕಬೇಕು. ಚಳಿ ಕಡಿಮೆಯಾದಷ್ಟೂ ಕುತ್ತಿಗೆಗೆ ಕೆಲಸ ಜಾಸ್ತಿ.

ಆ ರಾತ್ರಿ ಸ್ವೆಟರ್ ಮುಂದಿಟ್ಟುಕೊಂಡು ಟೇಪ್ ಹಿಡಿದೆ. ಕುತ್ತಿಗೆಯ ಬಾರ್ಡರಿಗೆ ನಾನು ಎತ್ತಿಕೊಂಡಿದ್ದು 72 ಕುಣಿಕೆ. ಎರಡು ಸೀದಾ, ಎರಡು ಉಲ್ಟಾ, 11 ನಂಬರಿನ ಸೂಜಿ. ಬಾರ್ಡರಿನ ನಡುಭಾಗ ಹಿಡಿದು ಎಳೆದರೆ ಸುತ್ತಳತೆ ಹತ್ತಿರ ಹತ್ತಿರ 50 ಸೆಂಟಿಮೀಟರ್ ಬರುತ್ತಿತ್ತು. ಅಂಚು ಹಿಡಿದು ಎಳೆದರೆ 38ಕ್ಕೆ ನಿಂತು ದಾರ ಕಿರ್ ಎನ್ನುತ್ತಿತ್ತು. ಕೂಸಿನ ತಲೆಯ ಸುತ್ತಳತೆ 46. ಅಂದರೆ ತಪ್ಪು ಬಾರ್ಡರಿನದಲ್ಲ, ಕೊನೆಯಲ್ಲಿ ಕುಣಿಕೆಗಳನ್ನು ಬಂದ್ ಮಾಡಿದ ಒಂದೇ ಒಂದು ಸುತ್ತಿನದು. ಹಿಗ್ಗುವ ಚೀಲದ ಬಾಯಿಗೆ ಹಿಗ್ಗದ ದಾರ ಬಿಗಿದಂತಾಗಿತ್ತು.

ಭಾಗಿಸಿ ನೋಡಿದೆ. 38 ಸೆಂಟಿಮೀಟರನ್ನು 72 ಕುಣಿಕೆಗೆ ಹಂಚಿದರೆ ಒಂದಕ್ಕೆ ಐದೂಕಾಲು ಮಿಲಿಮೀಟರ್ ಚಿಲ್ಲರೆ. 46 ಆಗಬೇಕಿದ್ದರೆ ಒಂದಕ್ಕೆ ಆರೂವರೆಗೆ ಸ್ವಲ್ಪ ಕಡಿಮೆ. ಒಂದೊಂದು ಕುಣಿಕೆಯಲ್ಲಿ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಜಿಪುಣತನ ಮಾಡಿದ್ದೆ, ಅಷ್ಟೆ. 72 ಸಲ ಮಾಡಿದ್ದರಿಂದ ಎಂಟು ಸೆಂಟಿಮೀಟರ್ ಆಯಿತು, ಮಗು ಅತ್ತಿತು.

ಬಂದ್ ಮಾಡುವ ರೂಢಿಯ ಕ್ರಮ ಎಲ್ಲರಿಗೂ ಗೊತ್ತಿರುವುದೇ: ಎರಡು ಕುಣಿಕೆ ಹೆಣೆ, ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಬಿಡು, ಇನ್ನೊಂದು ಹೆಣೆ, ಮತ್ತೆ ದಾಟಿಸು. ಹೀಗೆ ಮಾಡಿದಾಗ ಅಂಚಿನ ಮೇಲೆ ಜಡೆಯಂಥ ಸರಪಳಿ ಮಲಗುತ್ತದೆ. ಕೆಳಗಿನ ಬಾರ್ಡರ್ ಹಿಗ್ಗುವುದು ಅದರ ಮಡಿಕೆಯಿಂದ. ಸೀದಾ ಕುಣಿಕೆಗಳು ಮುಂದಕ್ಕೆ ಉಬ್ಬುತ್ತವೆ, ಉಲ್ಟಾ ಹಿಂದಕ್ಕೆ ಸರಿಯುತ್ತವೆ, ಎಳೆದರೆ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಮಡಿಕೆ ಮುಗಿದ ಮೇಲೂ ಒಂದೊಂದು ಕುಣಿಕೆ ತನ್ನ ಎತ್ತರ ಕಳೆದುಕೊಂಡು ಅಗಲವಾಗುತ್ತದೆ. ಮೇಲಿನ ಸರಪಳಿಗೆ ಮಡಿಕೆಯೂ ಇಲ್ಲ, ಬಿಟ್ಟುಕೊಡಲು ಎತ್ತರವೂ ಇಲ್ಲ. ಒಂದು ಕೊಂಡಿಗೆ ಎಷ್ಟು ದಾರ ಕೊಟ್ಟಿರಿ ಅಷ್ಟೇ ಅದರ ಉದ್ದ. ಸಾಲದಕ್ಕೆ, ಕುಣಿಕೆ ಬಿಚ್ಚಿಹೋದೀತು ಎಂಬ ಹೆದರಿಕೆಗೆ ಬಂದ್ ಮಾಡುವಾಗಲೇ ಎಲ್ಲರೂ ದಾರವನ್ನು ಬಿಗಿ ಎಳೆಯುತ್ತೇವೆ. ನಾನಂತೂ ಎಳೆಯುತ್ತೇನೆ.

"ಹಂಗಾದ್ರ ಸಡಿಲ ಬಂದ್ ಮಾಡು" ಎಂದು ಹೇಳುವವರಿದ್ದಾರೆ. ಹೇಳುವುದು ಸುಲಭ. 72 ಕುಣಿಕೆಯನ್ನೂ ಒಂದೇ ಹದಕ್ಕೆ ಸಡಿಲ ಬಿಡಲು ನುರಿತ ಕೈಗೂ ಕಷ್ಟ, ಅಂಚು ಹಲ್ಲು ಬಿದ್ದ ಬಾಯಂತಾಗುತ್ತದೆ. ಅದಕ್ಕಿಂತ ಬಂದ್ ಮಾಡುವ ಸುತ್ತಿಗೆ ಮಾತ್ರ ದಪ್ಪ ಸೂಜಿ ಹಿಡಿಯುವುದು ಮೇಲು. ಬಾರ್ಡರ್ 11ರಲ್ಲಿದ್ದರೆ ಬಲಗೈಗೆ 8 ನಂಬರಿನ ಸೂಜಿ. ನಮ್ಮ ಅಂಗಡಿಗಳ ಸೂಜಿಯಲ್ಲಿ ನಂಬರ್ ಇಳಿದಷ್ಟೂ ದಪ್ಪ ಏರುತ್ತದೆ ಎಂಬುದು ನೆನಪಿರಲಿ: 11 ಎಂದರೆ ಮೂರು ಮಿಲಿಮೀಟರ್, 8 ಎಂದರೆ ನಾಲ್ಕು. ದೊಡ್ಡವರ ಸ್ವೆಟರಿಗೆ ಇಷ್ಟೇ ಸಾಕಾಗುವುದುಂಟು. ಆದರೆ ದೇಹಕ್ಕೆ ಹೋಲಿಸಿದರೆ ಕೂಸುಗಳ ತಲೆ ಬಲು ದೊಡ್ಡದು. ಅವಕ್ಕೆ ಸಾಲುವುದಿಲ್ಲ.

ನನಗೆ ಕೈಗೂಡಿದ್ದು ಜೆನಿ ಸ್ಟೇಮನ್ ಎಂಬಾಕೆಯ ಉಪಾಯ. 2009ರಲ್ಲಿ 'ನಿಟ್ಟಿ' ಎಂಬ ಹೆಣಿಗೆ ಪತ್ರಿಕೆಯಲ್ಲಿ ಬಂತು, ಬೆರಳ ತುದಿಯಿಂದ ಮೇಲಕ್ಕೆ ಕಾಲುಚೀಲ ಹೆಣೆಯುವವರು ಈಗ ಬಹಳ ಬಳಸುತ್ತಾರೆ. ಆಕೆ ಸರಪಳಿಯನ್ನು ಸಡಿಲಿಸಲು ಹೋಗಲಿಲ್ಲ. ಒಂದೊಂದು ಕುಣಿಕೆಯ ಬುಡಕ್ಕೂ ಒಂದೊಂದು ಸುತ್ತು ಹೆಚ್ಚಿನ ದಾರ ಇಟ್ಟುಬಿಟ್ಟಳು. ಎಳೆದಾಗ ಆ ದಾರ ಬಿಚ್ಚಿಕೊಂಡು ಜಾಗ ಕೊಡುತ್ತದೆ.

ಮಾಡುವುದು ಹೀಗೆ. ಮುಂದಿನ ಕುಣಿಕೆ ಸೀದಾ ಇದ್ದರೆ, ಹೆಣೆಯುವ ಮೊದಲು ಹಿಂದಿರುವ ದಾರವನ್ನು ಬಲಗೈ ಸೂಜಿಯ ಮೇಲಿಂದ ಮುಂದಕ್ಕೆ ತಂದು, ಅಡಿಯಿಂದ ಮತ್ತೆ ಹಿಂದಕ್ಕೆ ಒಯ್ಯಿರಿ. ಸೂಜಿಗೆ ಒಂದು ಸುತ್ತು ಬಿತ್ತು. ಈಗ ಕುಣಿಕೆಯನ್ನು ಸೀದಾ ಹೆಣೆದು, ಆ ಸುತ್ತನ್ನು ಎಡಗೈ ಸೂಜಿಯಿಂದ ಎತ್ತಿ ಹೆಣೆದ ಕುಣಿಕೆಯ ಮೇಲಿಂದ ದಾಟಿಸಿ ಬಿಡಿ. ಸುತ್ತು ಕುಣಿಕೆಯ ಕೊರಳಿಗೆ ಪಟ್ಟಿಯಂತೆ ಕೂತುಕೊಳ್ಳುತ್ತದೆ. ಮುಂದಿನದು ಉಲ್ಟಾ ಇದ್ದರೆ ದಾರ ಮುಂದಿರುತ್ತದೆ. ಆಗ ಸೂಜಿಯ ಮೇಲಿಂದ ಹಿಂದಕ್ಕೆ ಒಯ್ದು, ಅಡಿಯಿಂದ ಮುಂದಕ್ಕೆ ತಂದು, ಉಲ್ಟಾ ಹೆಣೆದು, ಸುತ್ತನ್ನು ದಾಟಿಸುವುದು. ಸೀದಾಕ್ಕೆ ಒಂದು ದಿಕ್ಕು, ಉಲ್ಟಾಕ್ಕೆ ಅದರ ವಿರುದ್ಧ. ಹೀಗೆ ಪಟ್ಟಿ ಹಾಕಿಕೊಂಡ ಕುಣಿಕೆ ಬಲಗೈ ಸೂಜಿಯಲ್ಲಿ ಎರಡಾದಾಗ ಮಾಮೂಲಿನಂತೆ ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ. ಆಮೇಲೆ ಒಂದು ಹೆಣೆದಂತೆ ಒಂದು ದಾಟುತ್ತ ಹೋಗುತ್ತದೆ.

ದಿಕ್ಕು ತಪ್ಪಿದರೆ ಬಿಚ್ಚಿಹೋಗುವುದೇನಿಲ್ಲ. ಆದರೆ ಸುತ್ತು ತಿರುಚಿಕೊಂಡು ಎತ್ತುವಾಗ ಸೂಜಿಗೆ ಬಿಗಿಯಾಗಿ ಸಿಗುತ್ತದೆ. ಎತ್ತಲು ತಿಣುಕುವಂತಾದರೆ ದಿಕ್ಕು ತಪ್ಪಿದೆ ಎಂದೇ ಲೆಕ್ಕ. ಮೊದಲ ಎಂಟು ಹತ್ತು ಕುಣಿಕೆ ಕೈಗೆ ಹತ್ತುವುದಿಲ್ಲ, ನಂತರ ಬೆರಳೇ ಕಲಿತುಬಿಡುತ್ತದೆ. ಇನ್ನೊಂದು, ದಾರ ಹೆಚ್ಚು ತಿನ್ನುತ್ತದೆ. ಬಾರ್ಡರಿನ ಮೂರು ಸುತ್ತಿಗೆ ಆಗುವಷ್ಟು ದಾರ ಉಳಿಸಿಕೊಂಡರೆ ನಿಶ್ಚಿಂತೆ. ಕುತ್ತಿಗೆಯ ಮುಕ್ಕಾಲು ಸುತ್ತಿಗೆ ದಾರ ತೀರಿ, ಅಂಗಡಿಯಲ್ಲಿ ಅದೇ ಬಣ್ಣ ಸಿಗದೆ ಒದ್ದಾಡುವುದು ಬೇಡ.

ಹಳೆಯ ಅಂಚನ್ನು ಬಿಚ್ಚಲು ಇಡೀ ಸ್ವೆಟರ್ ಬಿಚ್ಚಬೇಕಿಲ್ಲ ಎಂಬುದೇ ಸಮಾಧಾನದ ಸಂಗತಿ. ಬಂದ್ ಮಾಡಿದ ಸರಪಳಿ ಮುಗಿದ ತುದಿಯಿಂದ ಮಾತ್ರ ಬಿಚ್ಚಿಕೊಳ್ಳುತ್ತದೆ, ಶುರುವಾದ ತುದಿಯಿಂದ ಬಿಚ್ಚುವುದಿಲ್ಲ. ಒಳಗೆ ಹೊಲಿದು ಮುಚ್ಚಿಟ್ಟ ದಾರದ ಬಾಲವನ್ನು ಹುಡುಕಿ ಹೊರಗೆಳೆಯುವುದಕ್ಕೇ ನನಗೆ ಅರ್ಧ ಗಂಟೆ ಹಿಡಿಯಿತು. ಆಮೇಲೆ ಹತ್ತೇ ನಿಮಿಷದಲ್ಲಿ 72 ಕುಣಿಕೆ ಸೂಜಿಗೆ ವಾಪಸ್ಸು ಬಂದವು.

ಮುಗಿದ ಮೇಲೆ ಅಳೆಯುವುದು ಹೇಗೆ? ಕೂಸು ಮಲಗಿತ್ತು, ಎಬ್ಬಿಸಿ ಮತ್ತೆ ಅಳಿಸುವ ಧೈರ್ಯ ನನಗಿರಲಿಲ್ಲ. ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಿಗಳನ್ನು ಒಂದೊಂದಾಗಿ ಅಳೆದು, ಅಡ್ಡಳತೆ 15 ಸೆಂಟಿಮೀಟರ್ ಇದ್ದದ್ದನ್ನು ಆರಿಸಿದೆ. ಅದರ ಸುತ್ತಳತೆ 47, ಕೂಸಿನ ತಲೆಗಿಂತ ಒಂದು ಹೆಚ್ಚು. ದಾರ ಕತ್ತರಿಸುವ ಮೊದಲೇ ಸ್ವೆಟರಿನ ಕುತ್ತಿಗೆಯನ್ನು ಡಬ್ಬಿಯ ಮೇಲೆ ಎಳೆದೆ. ಕಿರ್ ಎನ್ನದೆ ಇಳಿಯಿತು. ತೆಗೆದಿಟ್ಟರೆ ಮತ್ತೆ ಕುಗ್ಗಿ ತನ್ನ ಆಕಾರಕ್ಕೆ ಬಂತು. ಇಳಿಯುವುದು, ಕುಗ್ಗುವುದು ಎರಡನ್ನೂ ನೋಡಬೇಕು.

ಏಕೆಂದರೆ ಕುಗ್ಗದಿರುವುದೂ ಉಂಟು. ನಮ್ಮಲ್ಲಿ ಉಲ್ಲನ್ ಎಂದು ಮಾರುವ ಉಂಡೆಗಳಲ್ಲಿ ಬಹಳಷ್ಟು ಅಕ್ರಿಲಿಕ್, ಕುರಿಯ ಮುಖವನ್ನೇ ಕಾಣದ ದಾರ. ಕುರಿ ಉಣ್ಣೆಯಷ್ಟು ಹಿಂಪುಟಿಯುವ ಗುಣ ಅದಕ್ಕಿಲ್ಲ. ಬಾರ್ಡರ್ ಇಲ್ಲದ ಸಾದಾ ಹೆಣಿಗೆಯ ಅಂಚಿಗೆ ಈ ಉಪಾಯ ಹೂಡಿದರೆ ಹೆಚ್ಚಾದ ದಾರಕ್ಕೆ ಹೋಗಲು ಜಾಗವಿಲ್ಲದೆ ಅಂಚು ಅಲೆ ಅಲೆಯಾಗಿ ಹರಡುತ್ತದೆ. ಎರಡು ಸೀದಾ ಎರಡು ಉಲ್ಟಾ ಬಾರ್ಡರಿನಲ್ಲಿ ಮಡಿಕೆಗಳೇ ಅದನ್ನು ಒಳಕ್ಕೆ ಎಳೆದಿಟ್ಟುಕೊಳ್ಳುತ್ತವೆ. ಅಲ್ಲೂ ಅಂಚು ಹರಡಿದಂತೆ ಕಂಡರೆ ಸೀದಾ ಕುಣಿಕೆಗಳಿಗೆ ಮಾತ್ರ ಸುತ್ತು ಹಾಕಿ, ಉಲ್ಟಾ ಹಾಗೇ ಬಿಡಬಹುದು. ಅಕ್ರಿಲಿಕ್ ಬಾರ್ಡರಿನ ಮೇಲೆ ಬಿಸಿ ಇಸ್ತ್ರಿ ಮಾತ್ರ ಆಡಿಸಬೇಡಿ. ಒಮ್ಮೆ ಮಡಿಕೆ ಸತ್ತರೆ ಮತ್ತೆ ಏಳುವುದಿಲ್ಲ.

ತೋಳಿನ ತುದಿಗೂ ಇದೇ ಮದ್ದು ಎಂದುಕೊಂಡು ಮೋಸ ಹೋಗುವವರಿದ್ದಾರೆ. ಮೊದಲು ತೋಳನ್ನು ಎಲ್ಲಿಂದ ಶುರು ಮಾಡಿದ್ದೀರಿ ನೋಡಿಕೊಳ್ಳಿ. ಭುಜದಿಂದ ಕೆಳಗೆ ಹೆಣೆದಿದ್ದರೆ ಮಣಿಕಟ್ಟಿನಲ್ಲಿ ಬಂದ್ ಮಾಡಿದ ಅಂಚಿರುತ್ತದೆ, ಮದ್ದು ಹತ್ತುತ್ತದೆ. ನಮ್ಮಲ್ಲಿ ಹೆಚ್ಚಿನವರು ಮಣಿಕಟ್ಟಿನಿಂದ ಮೇಲಕ್ಕೆ ಹೆಣೆಯುತ್ತಾರೆ. ಅಲ್ಲಿ ಕೈಗೆ ಕೆಂಪು ಗೆರೆ ಮೂಡಿಸುವುದು ಕುಣಿಕೆ ಹಾಕಿಕೊಂಡ ಮೊದಲ ಸಾಲು. ಅದನ್ನು ಕೊನೆಯಲ್ಲಿ ಸಡಿಲಿಸಲು ಬರುವುದಿಲ್ಲ. ಶುರುವಿನಲ್ಲೇ ಎರಡು ಸೂಜಿ ಜೋಡಿಸಿ ಹಿಡಿದು ಕುಣಿಕೆ ಹಾಕಿಕೊಂಡು, ಆಮೇಲೆ ಒಂದನ್ನು ಎಳೆದುಬಿಡಬೇಕು.

ಮರುದಿನ ಬೆಳಿಗ್ಗೆ ತಂಗಿ ಸ್ವೆಟರಿನ ಕುತ್ತಿಗೆಯನ್ನು ಎರಡೂ ಕೈಯಿಂದ ಅಗಲಿಸಿ ಕೂಸಿನ ತಲೆಗೆ ಹಾಕಿದಳು. ಅವನು ಅಳಲು ಬಾಯಿ ತೆರೆದ, ಅಷ್ಟರಲ್ಲಿ ಮುಖ ಹೊರಗೆ ಬಂದಿತ್ತು. ಬಾಯಿ ತೆರೆದುಕೊಂಡೇ ಎಲ್ಲರನ್ನೂ ನೋಡಿದ. ಅವ್ವ ಹತ್ತಿರ ಬಂದು ಕುತ್ತಿಗೆಯೊಳಗೆ ಎರಡು ಬೆರಳು ತೂರಿಸಿ ನೋಡಿದಳು, ಏನೂ ಅನ್ನಲಿಲ್ಲ. ಸಂಜೆಗೆ ಖಣದ ತುಂಡೊಂದು ತಂದು ಕುಂಚಿಗೆ ಹೊಲಿಯಲು ಕೂತಳು. "ಕಿವಿಗೆ ಗಾಳಿ ಬಡೀತದಲ್ಲ, ನಿನ್ನ ಸ್ವೆಟರಿಗೆ ಕಿವಿ ಎಲ್ಲೈತಿ?"