ಜೋಡಿ ಬಿದ್ದರೆ ಯಾರಿಗೆ ಲಾಭ?

ಪೊಲೀಸರ ಕಣ್ಣು ತಪ್ಪಿಸಿ ಜಾತ್ರೆಯ ಅಂಚಿನಲ್ಲಿ ನಡೆಯುವ ಒಂದು ಆಟವಿದೆ. ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಆರು ಮನೆ, ಆರು ಚಿತ್ರ: ಇಸ್ಪೀಟು, ಆಟೀನು, ಡೈಮಂಡು, ಕಳಾವರು, ಬಾವುಟ, ಕಿರೀಟ. ದಾಳದ ಆರು ಮುಖಗಳ ಮೇಲೂ ಇವೇ ಚಿತ್ರಗಳು. ಬಾವುಟದ ಬದಲು ಲಂಗರಿನ ಚಿತ್ರವಿಟ್ಟು ಬ್ರಿಟಿಷ್ ನಾವಿಕರೂ ಇದನ್ನು ಆಡುತ್ತಿದ್ದರು. ಇದರಲ್ಲಿ ಹಲವು ಬಗೆಗಳಿವೆ. ಮೂರು ದಾಳದ ಬಗೆಯನ್ನಷ್ಟೇ ಇಲ್ಲಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಮೋಸವಿಲ್ಲ, ಮುಚ್ಚುಮರೆಯಿಲ್ಲ, ಆದರೂ ದುಡ್ಡು ಒಂದೇ ಕಡೆಗೆ ಹರಿಯುತ್ತದೆ.

ನಿಯಮ ಇಷ್ಟೇ. ನಿಮಗೆ ಬೇಕಾದ ಚಿತ್ರದ ಮೇಲೆ ಒಂದು ರೂಪಾಯಿ ಇಡಿ. ಮೂರು ದಾಳಗಳಲ್ಲಿ ಒಂದರಲ್ಲಿ ಆ ಚಿತ್ರ ಬಿದ್ದರೆ ನಿಮ್ಮ ರೂಪಾಯಿಯ ಜೊತೆಗೆ ಇನ್ನೊಂದು. ಎರಡರಲ್ಲಿ ಬಿದ್ದರೆ ಎರಡು. ಮೂರರಲ್ಲೂ ಬಿದ್ದರೆ ಮೂರು. ಎಲ್ಲೂ ಬೀಳದಿದ್ದರೆ ಇಟ್ಟ ರೂಪಾಯಿ ಹೋಯಿತು. ಆಡುವವನ ಲೆಕ್ಕ ಹೀಗೆ ಓಡುತ್ತದೆ: ಚಿತ್ರ ಆರು, ದಾಳ ಮೂರು, ಅಂದಮೇಲೆ ಗೆಲ್ಲುವ ಅವಕಾಶ ಅರ್ಧಕ್ಕರ್ಧ; ಜೊತೆಗೆ ಜೋಡಿ ಬಿದ್ದಾಗಿನ ಹೆಚ್ಚುವರಿ ದುಡ್ಡು ಬೇರೆ. ಅಂಗಡಿಯವನು ಧರ್ಮಕ್ಕೆ ಕೂತಿದ್ದಾನೇನೋ ಎನ್ನಬೇಕು.

ಲೆಕ್ಕಕ್ಕಿಳಿಯುವ ಮೊದಲು ಅಳತೆಗೋಲು ಯಾವುದೆಂದು ನೋಡೋಣ. ಗೆಲ್ಲುವ ಅವಕಾಶ ಎಷ್ಟು ಎಂಬ ಪ್ರಶ್ನೆಯೊಂದರಿಂದಲೇ ಪಂದ್ಯದ ಗುಣ ತಿಳಿಯುವುದಿಲ್ಲ. ಸಾಧಾರಣ ದಾಳವೊಂದನ್ನು ಉರುಳಿಸಲು ಹತ್ತು ರೂಪಾಯಿ ಕೊಡಬೇಕು, ಆರು ಬಿದ್ದರೆ ಎಪ್ಪತ್ತು ರೂಪಾಯಿ ಕೈಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಆರು ಸಲದಲ್ಲಿ ಐದು ಸಲ ಸೋಲೇ. ಆದರೂ ಪಂದ್ಯ ಲಾಭದ್ದು: ಎಪ್ಪತ್ತರ ಆರನೇ ಒಂದು ಪಾಲು ಸುಮಾರು 11 ರೂಪಾಯಿ 67 ಪೈಸೆ, ಕೇಳುತ್ತಿರುವ ಬೆಲೆ ಹತ್ತು. ಬಹುಮಾನ ಐವತ್ತಕ್ಕಿಳಿದರೆ ಪಾಲು 8 ರೂಪಾಯಿ 33 ಪೈಸೆ, ಪಂದ್ಯ ನಷ್ಟದ್ದು. ತಿರುಗುಮುರುಗಾಗಿ, ಹತ್ತರಲ್ಲಿ ಒಂಬತ್ತು ಸಲ ಹತ್ತು ರೂಪಾಯಿ ಗೆದ್ದು, ಒಂದೇ ಸಲ ನೂರು ಕಳೆದುಕೊಳ್ಳುವ ಪಂದ್ಯವೂ ನಷ್ಟದ್ದೇ: ಬಂದದ್ದು ತೊಂಬತ್ತು, ಹೋದದ್ದು ನೂರು. ಒಂದೊಂದು ಫಲದ ಮೊತ್ತವನ್ನು ಅದು ಬರುವ ಸಂಭವದಿಂದ ಗುಣಿಸಿ, ಎಲ್ಲವನ್ನೂ ಕೂಡಿದರೆ ಸಿಗುವುದೇ ನಿರೀಕ್ಷಿತ ಮೌಲ್ಯ. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಪತ್ರಗಳಲ್ಲಿ ಈ ದಾರಿ ಹಿಡಿದರು. 1657ರಲ್ಲಿ ಹೈಗನ್ಸ್ ಅದನ್ನು ಪುಸ್ತಕವಾಗಿಸಿದಾಗ, ಒಂದು ಅವಕಾಶಕ್ಕೆ ಎಷ್ಟು ಬೆಲೆ ಕೊಟ್ಟರೆ ನ್ಯಾಯ ಎಂಬ ರೂಪದಲ್ಲೇ ಪ್ರಶ್ನೆ ಕೇಳಿಕೊಂಡ. ಹೆಸರಿನಲ್ಲಿ ನಿರೀಕ್ಷೆ ಇದ್ದರೂ ಇದು ಭವಿಷ್ಯ ನುಡಿಯುವ ಸಂಖ್ಯೆಯಲ್ಲ. ಇಂದು ಏನು ಬೀಳುತ್ತದೆಂದು ಅದು ಹೇಳುವುದಿಲ್ಲ, ಕೇಳುತ್ತಿರುವ ಬೆಲೆ ದುಬಾರಿಯೋ ಅಗ್ಗವೋ ಎಂದು ಹೇಳುತ್ತದೆ. ಆದ್ದರಿಂದಲೇ 'ನಾನು ಆಡುವುದು ಒಂದೇ ಸಲ, ಸರಾಸರಿ ಕಟ್ಟಿಕೊಂಡು ನನಗೇನು' ಎನ್ನುವವನಿಗೂ ಅದು ಅನ್ವಯಿಸುತ್ತದೆ. ಒಂದೇ ಸಲ ಕೊಂಡರೂ ದುಬಾರಿ ದುಬಾರಿಯೇ.

ಈಗ ಹಾಸಿನ ಬಳಿಗೆ ಬರೋಣ. ಮೂರು ದಾಳಗಳು ಬೀಳಬಹುದಾದ ರೀತಿಗಳು ಆರು ಗುಣಿಸು ಆರು ಗುಣಿಸು ಆರು, ಅಂದರೆ 216. ನಿಮ್ಮ ಚಿತ್ರ ಒಂದರಲ್ಲೂ ಬೀಳದ ರೀತಿಗಳು ಐದು ಗುಣಿಸು ಐದು ಗುಣಿಸು ಐದು, 125. ಅರ್ಧಕ್ಕರ್ಧ ಎಂಬ ಲೆಕ್ಕ ಇಲ್ಲೇ ಮುರಿದುಬೀಳುತ್ತದೆ. ಒಂದರಲ್ಲಿ ಮಾತ್ರ ಬೀಳುವುದು 75 ರೀತಿ, ಎರಡರಲ್ಲಿ 15, ಮೂರರಲ್ಲೂ ಬೀಳುವುದು ಒಂದೇ ಒಂದು. 216 ಸಲ ಆಡಿ ಪ್ರತಿ ರೀತಿಯೂ ಒಮ್ಮೊಮ್ಮೆ ಬಂತೆನ್ನಿ: ಗೆಲುವು 75, ಅದಕ್ಕೆ 30, ಮತ್ತೆ 3, ಒಟ್ಟು 108 ರೂಪಾಯಿ, ಸೋಲು 125. ಕೊರತೆ 17. ಒಂದು ರೂಪಾಯಿಗೆ ಸುಮಾರು ಎಂಟು ಪೈಸೆ ಅಂಗಡಿಯವನ ಪಾಲು.

ಆದರೆ ಆ 17 ಎಲ್ಲಿಂದ ಬಂತು? ಉತ್ತರ ಕಾಣಬೇಕಾದರೆ ಒಬ್ಬ ಆಟಗಾರನನ್ನು ಬಿಟ್ಟು ಇಡೀ ಹಾಸನ್ನು ನೋಡಬೇಕು. ಆರು ಚಿತ್ರಗಳ ಮೇಲೂ ಒಂದೊಂದು ರೂಪಾಯಿ ಇದೆ ಎಂದುಕೊಳ್ಳಿ. ಮೂರು ದಾಳದಲ್ಲಿ ಮೂರು ಬೇರೆ ಬೇರೆ ಚಿತ್ರ ಬಿದ್ದರೆ ಅಂಗಡಿಯವನು ಸೋತ ಮೂರು ಮನೆಗಳಿಂದ ಬಾಚಿದ್ದನ್ನು ಗೆದ್ದ ಮೂರು ಮನೆಗಳಿಗೆ ಹಂಚುತ್ತಾನೆ. ಅವನಿಗೆ ಉಳಿಯುವುದು ಸೊನ್ನೆ. ಒಂದು ಜೋಡಿ, ಒಂದು ಒಂಟಿ ಬಿದ್ದರೆ ಸೋತ ಮನೆಗಳು ನಾಲ್ಕು. ಕೊಡುವುದು ಜೋಡಿಗೆ ಎರಡು, ಒಂಟಿಗೆ ಒಂದು. ಜೇಬಿಗೆ ಒಂದು ರೂಪಾಯಿ. ಮೂರೂ ಒಂದೇ ಆದರೆ ಸೋತ ಮನೆ ಐದು, ಕೊಡುವುದು ಮೂರು, ಜೇಬಿಗೆ ಎರಡು. ಆಟಗಾರ ಕೃಪೆಯೆಂದು ತಿಳಿದ ಜೋಡಿಯೇ ಅಂಗಡಿಯವನ ಏಕೈಕ ಆದಾಯ! ಜೋಡಿ ಬಿದ್ದಾಗ ಅವನು ದೊಡ್ಡ ಗಂಟಲಲ್ಲಿ ಕೂಗಿ ಎರಡರಷ್ಟು ಎಣಿಸಿಕೊಡುತ್ತಾನೆ. ಸುತ್ತಲಿನವರಿಗೆ ಕಾಣುವುದು ಕೊಟ್ಟ ದುಡ್ಡು, ಅದೇ ಗಳಿಗೆಯಲ್ಲಿ ಬಾಚಿಕೊಂಡ ನಾಲ್ಕನೆಯ ಮನೆಯದ್ದಲ್ಲ. ಜೋಡಿಗೆ ಮೂರು, ಮೂರಕ್ಕೂ ಐದು ಕೊಡುವುದಾಗಿದ್ದರೆ ಗೆಲುವು 75, 45, 5 ಸೇರಿ ಸರಿಯಾಗಿ 125 ಆಗಿ ಆಟ ಸಮವಾಗುತ್ತಿತ್ತು.

ಹಾಗಾದರೆ ಜನ ಯಾಕೆ ಆಡುತ್ತಲೇ ಇರುತ್ತಾರೆ? ಎಂಟು ಪೈಸೆ ಸಣ್ಣದು, ದಾಳದ ಏರಿಳಿತ ದೊಡ್ಡದು. ಹತ್ತು ಹತ್ತು ರೂಪಾಯಿಯಂತೆ ನೂರು ಸಲ ಆಡಿದವನ ನಿರೀಕ್ಷಿತ ನಷ್ಟ ಸುಮಾರು 79 ರೂಪಾಯಿ, ಆದರೆ ಏರಿಳಿತದ ವ್ಯಾಪ್ತಿ ಸುಮಾರು 111. ಹೀಗಾಗಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬ ಗೆದ್ದೇ ಮನೆಗೆ ಹೋಗುತ್ತಾನೆ, ಮತ್ತು ಊರಲ್ಲಿ ಕಥೆ ಹೇಳುವವನು ಅವನೇ. ಅಂಗಡಿಯವನ ಮುಂದೆ ಅದೇ ಹತ್ತು ರೂಪಾಯಿಯ ಹತ್ತು ಸಾವಿರ ಪಂದ್ಯ ನಡೆದರೆ ಅವನ ನಿರೀಕ್ಷಿತ ಲಾಭ 7,870 ರೂಪಾಯಿ, ಏರಿಳಿತ ಬರೀ 1,110ರ ಆಸುಪಾಸು. ಪಂದ್ಯ ನೂರು ಪಟ್ಟಾದಾಗ ಲಾಭವೂ ನೂರು ಪಟ್ಟಾಯಿತು, ಏರಿಳಿತ ಹತ್ತೇ ಪಟ್ಟು. ಒಂದೇ ಆಟ, ಒಬ್ಬನಿಗೆ ಜೂಜು, ಇನ್ನೊಬ್ಬನಿಗೆ ಸಂಬಳ.

ಇಲ್ಲಿಗೆ ನಿಲ್ಲಿಸಿದರೆ ನಿರೀಕ್ಷಿತ ಮೌಲ್ಯಕ್ಕೆ ಅದರ ಯೋಗ್ಯತೆಗಿಂತ ದೊಡ್ಡ ಪೀಠ ಕೊಟ್ಟಂತಾಗುತ್ತದೆ. ಲಾಭದ ಪಂದ್ಯವೆಂದ ಮಾತ್ರಕ್ಕೆ ಇದ್ದುದನ್ನೆಲ್ಲ ಅದರ ಮೇಲಿಡಬಹುದೆ? ನಾಣ್ಯ ಚಿಮ್ಮಿದಾಗ ಸಿಂಹ ಬಿದ್ದರೆ ಇಟ್ಟ ಹಣ ಒಂದೂವರೆ ಪಟ್ಟು, ಅಂಕಿ ಬಿದ್ದರೆ ನೂರಕ್ಕೆ ನಲವತ್ತು ನಷ್ಟ. ಒಂದು ಲಕ್ಷದ ಮೇಲೆ ನಿರೀಕ್ಷಿತ ಲಾಭ ಐದು ಸಾವಿರ. ಆದರೆ ಇರುವ ಹಣವನ್ನೆಲ್ಲ ಎರಡು ಸಲ ಇಟ್ಟು ನೋಡಿ. ಎರಡೂ ಸಿಂಹವಾದರೆ ಎರಡು ಲಕ್ಷ ಇಪ್ಪತ್ತೈದು ಸಾವಿರ. ಒಂದೊಂದಾದರೆ, ಯಾವುದು ಮೊದಲು ಬಿದ್ದರೂ, ತೊಂಬತ್ತು ಸಾವಿರ. ಎರಡೂ ಅಂಕಿಯಾದರೆ ಮೂವತ್ತಾರು ಸಾವಿರ. ಸರಾಸರಿ ಒಂದು ಲಕ್ಷ ಹತ್ತು ಸಾವಿರ ದಾಟಿದೆ, ಆದರೂ ನಾಲ್ಕರಲ್ಲಿ ಮೂರು ದಾರಿಗಳು ನಷ್ಟದಲ್ಲಿ ನಿಂತಿವೆ. ಅದೃಷ್ಟವಂತನೊಬ್ಬನ ಗಂಟು ಸರಾಸರಿಯನ್ನು ಎತ್ತಿ ಹಿಡಿದಿದೆ. ಪ್ರತಿಸಲ ಒಂದೇ ಸಣ್ಣ ಮೊತ್ತ ಇಡುವವನಿಗೆ ಇದೇ ಪಂದ್ಯ ಒಳ್ಳೆಯದು, ಸರ್ವಸ್ವ ಇಡುವವನಿಗೆ ಕೆಟ್ಟದ್ದು.

ಇದರ ಕನ್ನಡಿಬಿಂಬ ವಿಮೆ. ಇಪ್ಪತ್ತು ಲಕ್ಷದ ಮನೆ, ವರ್ಷದಲ್ಲಿ ಸುಟ್ಟುಹೋಗುವ ಸಂಭವ ಸಾವಿರಕ್ಕೆ ಒಂದು ಎಂದು ಭಾವಿಸಿದರೆ ನ್ಯಾಯದ ಬೆಲೆ ಎರಡು ಸಾವಿರ. ಕಂಪನಿ ಮೂರು ಸಾವಿರ ಕೇಳುತ್ತದೆ. ಲೆಕ್ಕದ ಪ್ರಕಾರ ಇದು ನಷ್ಟದ ಪಂದ್ಯ, ಜಾತ್ರೆಯ ಆಟಕ್ಕಿಂತ ದುಬಾರಿ. ಆದರೂ ಅದನ್ನು ಕೊಳ್ಳುವವನು ದಡ್ಡನಲ್ಲ, ಏಕೆಂದರೆ ಸಾವಿರ ಮನೆಗಳ ಸರಾಸರಿಯಲ್ಲಿ ಬದುಕಲು ಅವನಿಗೆ ಸಾವಿರ ಮನೆಗಳಿಲ್ಲ. ಕಂಪನಿಗಿವೆ. ಆದರೆ ಆ ಮನೆಗಳೆಲ್ಲ ಒಂದೇ ನದಿಯ ದಡದಲ್ಲಿದ್ದು ವಿಮೆ ಪ್ರವಾಹಕ್ಕೂ ಸೇರಿದ್ದರೆ, ಒಂದು ಮಳೆಗಾಲಕ್ಕೆ ಎಲ್ಲವೂ ಒಟ್ಟಿಗೆ ಮುಳುಗಬಹುದು, ಆಗ ಸಾವಿರ ಮನೆಗಳ ಲೆಕ್ಕ ಒಂದೇ ಮನೆಯ ಲೆಕ್ಕವಾಗುತ್ತದೆ. ಅದಕ್ಕೇ ವಿಮಾ ಕಂಪನಿಗಳು ತಾವೂ ಇನ್ನೊಂದು ಕಂಪನಿಯಲ್ಲಿ ಮರುವಿಮೆ ಮಾಡಿಸುತ್ತವೆ, ಅದಕ್ಕೆ ತೆರುವ ಬೆಲೆ ನ್ಯಾಯದ ಬೆಲೆಗಿಂತ ಹೆಚ್ಚೆಂದು ತಿಳಿದೂ.