‘ಕಂಡುಬಂದಿದೆ’ ಎಂದರೆ ಯಾರಿಗೆ ಕಂಡಿತು?

“ವಕೀಲರ ‘ಆದರೆ’ಗಳನ್ನೆಲ್ಲ ಬಿಟ್ಟು, ಜಮೀನು ಸರಿಯಿದೆಯೋ ಇಲ್ಲವೋ ಅಷ್ಟನ್ನು ಕನ್ನಡದಲ್ಲಿ ಬರೆದುಕೊಡಯ್ಯ.” ಬ್ಯಾಂಕಿನಿಂದ ನಿವೃತ್ತರಾದ ನನ್ನ ಭಾವ ಹೀಗೆಂದಾಗಲೆಲ್ಲ ನನಗೆ ರೇಗುತ್ತದೆ. ಮೂಲನಿಷ್ಠೆಯೋ ಓದುಗನಿಷ್ಠೆಯೋ ಎಂಬ ಅನುವಾದಶಾಸ್ತ್ರದ ಜಗ್ಗಾಟ ನನಗೆ ಬೇಸರ. ಭಾವನ ವಾದ ಅದಕ್ಕಿಂತ ಗಟ್ಟಿ: ಆ ಎಚ್ಚರಿಕೆಯ ಮಾತುಗಳು ವಕೀಲರು ತಮ್ಮ ತಲೆಗೆ ಹಿಡಿದುಕೊಂಡ ಕೊಡೆ, ಕೊಳ್ಳುವವನು ಹೇಗೂ ನೆನೆಯುತ್ತಾನೆ.

ತಿಪಟೂರು ಕಡೆಯ ಎರಡೆಕರೆ ತೆಂಗಿನ ತೋಟದ ಲೀಗಲ್ ಒಪಿನಿಯನ್ನನ್ನು, ಅದನ್ನು ಕೊಳ್ಳಲಿದ್ದ ಹಿರಿಯರೊಬ್ಬರಿಗಾಗಿ ಒಮ್ಮೆ ಕನ್ನಡಕ್ಕೆ ತಂದೆ. ಹಾಜರುಪಡಿಸಿದ ವಂಶವೃಕ್ಷ ಪೂರ್ಣವೆಂದು ಇಟ್ಟುಕೊಂಡರೆ ತಂದೆಯ ಜಮೀನು ಇಬ್ಬರು ಗಂಡುಮಕ್ಕಳಿಗೆ ಬಂದಂತೆ ತೋರುತ್ತದೆ, ಇ.ಸಿ.ಯಲ್ಲಿ ಋಣಭಾರ ದಾಖಲಾಗಿಲ್ಲ ಎಂದು ವಕೀಲರು ಇಂಗ್ಲಿಷಿನಲ್ಲಿ ಬರೆದಿದ್ದರು. ನಾನು ‘ತೋಟ ಋಣಮುಕ್ತವಾಗಿದ್ದು, ಗಂಡುಮಕ್ಕಳೇ ಮಾಲೀಕರೆಂದು ಕಂಡುಬಂದಿದೆ’ ಎಂದು ಇಳಿಸಿದೆ.

ತಾಲ್ಲೂಕು ಕಚೇರಿಯ ಕನ್ನಡದಲ್ಲಿ ‘ಕಂಡುಬಂದಿದೆ’ ಎಂದರೆ ವಿಚಾರಣೆ ಮುಗಿಸಿ ಹೇಳಿದ ತೀರ್ಮಾನ. ವಕೀಲರ ಅನುಮಾನಕ್ಕೆ ನಾನು ಮೊಹರು ಒತ್ತಿದಂತಾಯಿತು. ‘ಋಣಮುಕ್ತ’ ಎಂಬುದೂ ಅಷ್ಟೇ. ಇ.ಸಿ. ತೋರಿಸುವುದು ನೋಂದಣಿಯಾದ ವ್ಯವಹಾರಗಳನ್ನು. ಕ್ರಯಪತ್ರ ಅಡವಿಟ್ಟು ತಂದ ಸಾಲ ಅದರಲ್ಲಿ ಇಲ್ಲದಿರಬಹುದು. ಪಹಣಿಯನ್ನು ಕೂಡ 1964ರ ಭೂಕಂದಾಯ ಕಾಯ್ದೆಯ 133ನೇ ಕಲಮು ನಿಜವೆಂದು ಭಾವಿಸುವುದು ವಿರುದ್ಧವಾದದ್ದು ಸಾಬೀತಾಗುವವರೆಗೆ ಮಾತ್ರ. ಆ ಹಿರಿಯರು ಮುಂಗಡ ಕೊಟ್ಟ ಮೇಲೆ, ವಂಶವೃಕ್ಷದಲ್ಲಿ ಹೆಸರೇ ಇಲ್ಲದ ಮಗಳೊಬ್ಬಳು ಪಾಲು ಕೇಳಿಕೊಂಡು ಬಂದಳು. ತಂದೆ ಉಯಿಲು ಬರೆಯದೆ ತೀರಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗಳು ಮೊದಲ ವರ್ಗದ ವಾರಸುದಾರಳು. ನಾನು ಬಿಟ್ಟದ್ದು ‘ಇಟ್ಟುಕೊಂಡರೆ’ ಎಂಬ ಒಂದೇ ಮಾತು. ಅಪಾಯವೆಲ್ಲ ಅಲ್ಲೇ ಕೂತಿತ್ತು.

ಭಾವ ಸೋತರು ಎಂದುಕೊಂಡೆ. ಆದರೆ ಅವರ ಮಾತಿನಲ್ಲೂ ಹುರುಳಿದೆ. ‘ಅಸಲು ಪತ್ರಗಳೊಂದಿಗೆ ತಾಳೆ ನೋಡತಕ್ಕದ್ದು’ ಎಂಬಂಥ ಸಾಲುಗಳು ಪ್ರತಿ ಕಡತದಲ್ಲೂ ಇರುತ್ತವೆ. ಅವುಗಳ ನಡುವೆ ನಿಜವಾದ ಎಚ್ಚರಿಕೆ ಮುಳುಗಿಹೋಗುತ್ತದೆ. ಹಾಗೆಂದು ಯಾವುದು ವಾಡಿಕೆ, ಯಾವುದು ಎಚ್ಚರಿಕೆ ಎಂದು ಆರಿಸಲು ಕಡತವನ್ನೇ ನೋಡದ ನಾನು ಯಾರು?

ಮುಂದಿನ ಸಲ, ಬೇರೊಂದು ಜಮೀನಿನ ಒಪಿನಿಯನ್ನಿನಲ್ಲಿ, ಎಲ್ಲವನ್ನೂ ಉಳಿಸಿ, ‘ಹಕ್ಕುಳ್ಳವರೆಂದು ತೋರುತ್ತದೆ’ ಎಂದೇ ಬರೆದೆ. ಅದೇ ಹಿರಿಯರು ಓದಿ, ‘ಏನೋ ಗೋಲ್‌ಮಾಲ್ ಇದೆ’ ಎಂದು ಸೊಗಸಾದ ಜಮೀನನ್ನು ಕೈಬಿಟ್ಟರು. ಬ್ಯಾಂಕು ಅದೇ ಇಂಗ್ಲಿಷ್ ಪ್ರತಿ ನೋಡಿ ಇನ್ನೊಬ್ಬರಿಗೆ ಸಾಲ ಕೊಟ್ಟಿತು. ‘ಕಂಡುಬಂದಿದೆ’ ತೀರ್ಪಾದರೆ ‘ತೋರುತ್ತದೆ’ ಗುಮಾನಿ. ವಕೀಲರ ಮಾತು ಇವೆರಡರ ನಡುವೆ ಎಲ್ಲೋ ಇತ್ತು. ‘ಈ ಕಾಗದಗಳ ಮಟ್ಟಿಗೆ ಹಕ್ಕುಳ್ಳವರೆಂದು ನನ್ನ ಅಭಿಪ್ರಾಯ’ ಎಂದು ಈಗ ಬರೆಯುತ್ತಿದ್ದೇನೆ. ಅದೂ ಮೂಲಕ್ಕಿಂತ ತುಸು ಗಟ್ಟಿಯಾಯಿತೇನೋ.

ಮೊನ್ನೆ ಹೊಸ ಕಡತದ ವಕೀಲರಿಗೇ ಫೋನ್ ಮಾಡಿ ಯಾವ ಪದ ಹಾಕಲಿ ಎಂದು ಕೇಳಿದೆ. “ಯಾವುದಾದರೂ ಹಾಕಿ ಸಾರ್, ಕೆಳಗೆ ಇಂಗ್ಲಿಷ್ ಪ್ರತಿಯೇ ಅಂತಿಮ ಅಂತ ಒಂದು ಸಾಲು ಸೇರಿಸಿಬಿಡಿ” ಎಂದರು. ಸೇರಿಸಿದ್ದೇನೆ. ಕೊಳ್ಳುವವರಿಗೆ ಇಂಗ್ಲಿಷ್ ಬರುವುದಿಲ್ಲ.